ಅಭಿಪ್ರಾಯ ಲೇಖನದ ಕರಡು ಪರಿಶೀಲನೆ

ಪತ್ರಿಕೆಯ ಸಂಪಾದಕೀಯ ಪುಟಕ್ಕೆ ಬಂದ ಲೇಖನದಲ್ಲಿ ಆಧಾರ ಬೇಕಾದ ಮಾತು ಯಾವುದು, ತರ್ಕ ಎಲ್ಲಿ ಹಾರಿದೆ ಎಂದು ಅಚ್ಚಿಗೆ ಮುನ್ನ ಡೆಸ್ಕಿನಲ್ಲಿ ನೋಡುವ ಕೆಲಸ. ಲೇಖಕರ ನಿಲುವನ್ನು ತಿದ್ದುವುದು ಇದರೊಳಗೆ ಬರುವುದಿಲ್ಲ. 'ಈ ಯೋಜನೆ ಮುಂದುವರಿಯಬೇಕು' ಎಂದರೆ ಯಾರೂ ಆಧಾರ ಕೇಳುವುದಿಲ್ಲ. 'ಈ ಯೋಜನೆಯಿಂದ ಇಂಥದ್ದಾಯಿತು' ಎಂದರೆ ಕೇಳಲೇಬೇಕು.

ಮೊದಲ ಓದಿನಲ್ಲಿ ಉಪಸಂಪಾದಕರು ಸಂಖ್ಯೆ, ಇಸವಿ, ಹೆಸರು, ಇನ್ನೊಬ್ಬರ ಮಾತು, 'ಇದೇ ಮೊದಲು' ಎಂಬಂಥ ಘೋಷಣೆಗಳ ಕೆಳಗೆ ಗೆರೆ ಎಳೆಯುತ್ತಾರೆ. ಎರಡನೆಯ ಓದಿನಲ್ಲಿ 'ಆದ್ದರಿಂದ', 'ಇದರ ಫಲವಾಗಿ' ಎಂಬ ಕೊಂಡಿಗಳನ್ನು ಹುಡುಕುತ್ತಾರೆ. 'ಎಲ್ಲರಿಗೂ ಗೊತ್ತಿರುವಂತೆ' ಎಂಬುದು ಕಂಡರೆ ಅಲ್ಲೇ ನಿಲ್ಲುವುದು ಒಳ್ಳೆಯದು. ಆಧಾರ ಕೈಯಲ್ಲಿಲ್ಲದ ಕಡೆಯೇ ಆ ಮಾತು ಹೆಚ್ಚಾಗಿ ಬರುತ್ತದೆ.

ಕರ್ನಾಟಕದ ಶಕ್ತಿ ಯೋಜನೆಯ ಬಗ್ಗೆ ಬಂದ ಒಂದು ಕರಡಿನಲ್ಲಿ ಹೀಗಿದೆ ಎಂದುಕೊಳ್ಳೋಣ: 'ನೂರು ಕೋಟಿ ಮಹಿಳೆಯರು ಉಚಿತವಾಗಿ ಪ್ರಯಾಣಿಸಿದ್ದಾರೆ. ದುಡಿಯುವ ಹೆಣ್ಣುಮಕ್ಕಳ ಪ್ರಮಾಣ ಏರಿದೆ. ಆದ್ದರಿಂದ ಅವರನ್ನು ಮನೆಯಿಂದ ಹೊರತಂದದ್ದು ಉಚಿತ ಬಸ್ಸೇ.'

ಮೊದಲ ವಾಕ್ಯ ಆಗದ ಮಾತು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯೇ ಸುಮಾರು 6.11 ಕೋಟಿ, ಅದರಲ್ಲಿ ಮಹಿಳೆಯರು ಮೂರು ಕೋಟಿಯಷ್ಟು. ಸಾರಿಗೆ ನಿಗಮಗಳು ಎಣಿಸುವುದು ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟ್‌ಗಳನ್ನು. ಎರಡು ಬಸ್ ಹಿಡಿದು ಕೆಲಸಕ್ಕೆ ಹೋಗಿ ಬರುವ ಒಬ್ಬಾಕೆ ದಿನಕ್ಕೆ ನಾಲ್ಕು ಸಲ ಲೆಕ್ಕಕ್ಕೆ ಬರುತ್ತಾಳೆ. 'ಮಹಿಳೆಯರು' ಎಂಬಲ್ಲಿ 'ಪ್ರಯಾಣಗಳು' ಎಂದಾಗಬೇಕು, ಸಂಖ್ಯೆ ಯಾವ ದಿನಾಂಕದವರೆಗಿನದು ಎಂಬುದೂ ಸೇರಬೇಕು.

ಎರಡನೆಯ ವಾಕ್ಯಕ್ಕೆ ಆಧಾರ ಸಿಗಬಹುದು, ಆದರೆ ಅದೇ ಆಧಾರ ಮೂರನೆಯದನ್ನು ಅಲುಗಾಡಿಸುತ್ತದೆ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯಂತೆ, ದೇಶದಲ್ಲಿ 15 ವರ್ಷ ತುಂಬಿದ ಮಹಿಳೆಯರಲ್ಲಿ ದುಡಿಯುವವರ ಮತ್ತು ಕೆಲಸ ಹುಡುಕುವವರ ಪಾಲು 2017–18ರಲ್ಲಿ ಶೇ 23.3 ಇತ್ತು, 2022–23ರಲ್ಲಿ ಶೇ 37 ಆಯಿತು. ಆಗ ಸಮೀಕ್ಷೆಯ ವರ್ಷ ಜುಲೈಯಿಂದ ಜೂನ್‌ವರೆಗೆ ಇತ್ತು. ಶಕ್ತಿ ಆರಂಭವಾದದ್ದು 2023ರ ಜೂನ್ 11ಕ್ಕೆ. ಎಂದರೆ ಬಸ್ ಉಚಿತವಾಗುವ ಮೊದಲೇ ಈ ಏರಿಕೆ ಬಹುಪಾಲು ನಡೆದಿತ್ತು. ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಈ ಲೆಕ್ಕದಲ್ಲಿದ್ದಾರೆ. ಅವರಿಗೆ ಬಸ್ಸೇ ಬೇಕಿಲ್ಲ. ಇದು ಇಡೀ ದೇಶದ ಅಂಕಿ ಆದ್ದರಿಂದ ರಾಜ್ಯದ್ದನ್ನು ಲೇಖಕರಿಂದ ಬೇರೆಯಾಗಿ ಕೇಳಬೇಕು.

ಪಕ್ಕದ ರಾಜ್ಯದೊಡನೆ ಹೋಲಿಸಿದರೆ ಸಾಕು ಎಂದು ಲೇಖಕರು ಹೇಳಬಹುದು. ಆದರೆ ತಮಿಳುನಾಡಿನ ಸಾಮಾನ್ಯ ನಗರ ಬಸ್ಸುಗಳಲ್ಲಿ 2021ರಿಂದ, ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಿಂದ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಹೋಲಿಕೆ ಅಂದುಕೊಂಡಷ್ಟು ಸಲೀಸಲ್ಲ.

ಇಂಥ ಕಡೆ ಡೆಸ್ಕ್ ತಾನೇ ಅಂಕಿ ತುಂಬದೆ, ಅಂಚಿನಲ್ಲಿ ಪ್ರಶ್ನೆ ಬರೆದು ಕರಡನ್ನು ಲೇಖಕರಿಗೆ ಹಿಂದಿರುಗಿಸುವುದು ಸರಿಯಾದ ಕ್ರಮ. ಆಧಾರ ಬರದಿದ್ದರೆ ಮೂರನೆಯ ವಾಕ್ಯ ಹೋಗಬೇಕು. ಬಸ್ ಖರ್ಚು ಉಳಿದದ್ದರಿಂದ ದೂರದ ಕೆಲಸ ಒಪ್ಪಿಕೊಂಡ ಮಹಿಳೆಯರ ಮಾತನ್ನು ಲೇಖಕರು ಕೇಳಿ ಬರೆದಿದ್ದರೆ, ಅಷ್ಟನ್ನೇ ಅಚ್ಚು ಮಾಡಬಹುದು.