ತರಬೇತಿ ಮುಚ್ಚಳಿಕೆಯ ಮೊತ್ತ: ದಂಡವೇ, ಲೆಕ್ಕವೇ?

ಉದ್ಯೋಗಿಯನ್ನು ತನ್ನ ಖರ್ಚಿನಲ್ಲಿ ತರಬೇತಿಗೆ ಕಳಿಸುವ ಸಂಸ್ಥೆಯು, ಮರಳಿ ಬಂದ ಮೇಲೆ ಇಂತಿಷ್ಟು ಕಾಲ ಕೆಲಸ ಮಾಡುವುದಾಗಿಯೂ ಮಾಡದಿದ್ದರೆ ಹಣ ಮರಳಿಸುವುದಾಗಿಯೂ ಆತನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಆಡುಮಾತಿನಲ್ಲಿ ಇದು ‘ಬಾಂಡ್’. ಇಂಥ ಪತ್ರದಲ್ಲಿ ಮೊತ್ತ ದೊಡ್ಡದಿದ್ದಷ್ಟೂ ಹಿಡಿತ ಬಿಗಿ ಎಂಬ ನಂಬಿಕೆ ಆಡಳಿತ ವಿಭಾಗಗಳಲ್ಲಿ ಬೇರೂರಿದೆ. ವಾಸ್ತವ ಇದಕ್ಕೆ ತಿರುಗುಮುರುಗು. 1872ರ ಭಾರತೀಯ ಕರಾರು ಅಧಿನಿಯಮದ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತವು ಪರಿಹಾರದ ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯಾಲಯಕ್ಕೆ ಸಮಂಜಸವೆಂದು ಕಂಡಷ್ಟೇ ಸಿಗುತ್ತದೆ. ಆ ಸಮಂಜಸತೆಯನ್ನು ಅಳೆಯಲು, ನಷ್ಟವನ್ನು ಎಣಿಸಲು ಬರುವ ಕಡೆಯೆಲ್ಲ, ನ್ಯಾಯಾಲಯ ನೋಡುವುದು ಖರ್ಚಿನ ಲೆಕ್ಕವನ್ನು. ಆದ್ದರಿಂದ ಮುಚ್ಚಳಿಕೆಗೆ ಬಲ ಬರುವುದು ಅದರ ಬೆನ್ನಿಗಿರುವ ರಸೀದಿಗಳಿಂದ ಎಂಬುದು ಇಲ್ಲಿನ ವಾದ.

ಸಿಕ್ಪಾ ಇಂಡಿಯಾ ಪ್ರಕರಣದಲ್ಲಿ 2011ರಲ್ಲಿ ದೆಹಲಿ ಹೈಕೋರ್ಟ್ ನೀಡಿದ ತೀರ್ಪು ಇದನ್ನು ಬಿಡಿಸಿ ತೋರಿಸುತ್ತದೆ. ಮೂರು ವರ್ಷ ಸೇವೆ, ತಪ್ಪಿದರೆ 2 ಲಕ್ಷ ರೂಪಾಯಿ ಎಂದು ಬಾಂಡ್ ಇತ್ತು. ಕಂಪನಿಗೆ ತರಬೇತಿಗೆ ತಗುಲಿದ ಖರ್ಚು 67,596 ರೂಪಾಯಿ. ಉದ್ಯೋಗಿ ಎರಡು ವರ್ಷ ದುಡಿದು ಬಿಟ್ಟಿದ್ದ. ಉಳಿದದ್ದು ಅವಧಿಯ ಮೂರನೇ ಒಂದು ಪಾಲು. ಆದ್ದರಿಂದ ಖರ್ಚಿನಲ್ಲೂ ಮೂರನೇ ಒಂದು ಪಾಲು, ಅಂದರೆ 22,532 ರೂಪಾಯಿ ಮಾತ್ರ ಕಂಪನಿಗೆ ಸಂದಿತು. 2 ಲಕ್ಷ ಕೇಳಿ ಹೋದವರಿಗೆ ಅದರ ಎಂಟನೇ ಒಂದು ಭಾಗವೂ ಪೂರ್ತಿಯಾಗಿ ದಕ್ಕಲಿಲ್ಲ. ಗಮನಿಸಬೇಕಾದ್ದೇನೆಂದರೆ, ನ್ಯಾಯಾಲಯ ಬಾಂಡನ್ನು ಹರಿದು ಹಾಕಲಿಲ್ಲ. ಪತ್ರ ಬರೆದವರು ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಅವರ ಪರವಾಗಿ ತಡವಾಗಿ ಮಾಡಿಕೊಟ್ಟಿತು, ಅಷ್ಟೆ.

ಈ ಲೆಕ್ಕವನ್ನೇ ಕರಾರಿನೊಳಗೆ ಇಳಿಸುವುದು ಹೇಗೆ? ಒಂದು ಕಲ್ಪಿತ ನಿದರ್ಶನ ಹಿಡಿಯೋಣ. ಪೀಣ್ಯದ ಕಾರ್ಖಾನೆಯೊಂದು ಹೊಸ ಯಂತ್ರ ನಡೆಸುವುದನ್ನು ಕಲಿಯಲು ಎಂಜಿನಿಯರೊಬ್ಬರನ್ನು ತಯಾರಕರಲ್ಲಿಗೆ ಕಳಿಸುತ್ತದೆ. ಶುಲ್ಕ 2,10,000, ಪ್ರಯಾಣ ಮತ್ತು ವೀಸಾ 90,000, ವಸತಿ 60,000. ಒಟ್ಟು 3,60,000 ರೂಪಾಯಿ. ಸೇವಾವಧಿ 24 ತಿಂಗಳಾದರೆ ಪ್ರತಿ ಪೂರ್ಣ ತಿಂಗಳಿಗೆ 15,000 ರೂಪಾಯಿ ಇಳಿಯುತ್ತದೆ. 17 ತಿಂಗಳಿಗೆ ಬಿಟ್ಟರೆ ಉಳಿದ ಏಳು ತಿಂಗಳಿಗೆ 1,05,000 ಬಾಕಿ. ತರಬೇತಿ ಕಾಲದ ಸಂಬಳವನ್ನು ಇದಕ್ಕೆ ಸೇರಿಸುವ ರೂಢಿ ಸರಿಯಲ್ಲ. ಆಗಲೂ ಅವರು ಸಂಸ್ಥೆ ವಹಿಸಿದ ಕೆಲಸದಲ್ಲೇ ಇದ್ದವರು. ಅವಧಿಯ ಎಣಿಕೆ ಸಹಿ ಹಾಕಿದ ದಿನದಿಂದಲೋ ಮರಳಿ ಕೆಲಸಕ್ಕೆ ಹಾಜರಾದ ದಿನದಿಂದಲೋ ಎಂಬುದನ್ನು ಬರೆಯದೆ ಬಿಟ್ಟರೆ ಜಗಳ ಅಲ್ಲೇ ಹುಟ್ಟುತ್ತದೆ. ಸಂಸ್ಥೆಯೇ ಕೆಲಸದಿಂದ ತೆಗೆದರೆ ವಸೂಲಿ ಇಲ್ಲವೆಂಬ ಮಾತೂ ಬೇಕು. ಸಹಿ ತರಬೇತಿಗೆ ಹೊರಡುವ ಮೊದಲೇ ಆಗಬೇಕು, ಅಂದಾಜು ಖರ್ಚಿನ ಪಟ್ಟಿ ಕಣ್ಣ ಮುಂದಿರಬೇಕು. ಇನ್ನು ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಪದ್ಧತಿ: ಇಲ್ಲಿ ಹುಟ್ಟುವುದು ಹಣದ ಬಾಕಿ ಮಾತ್ರ, ಅದಕ್ಕೆ ವಿದ್ಯೆಯನ್ನು ಅಡವಿಡಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಇದಕ್ಕೆ ಬರುವ ಬಲವಾದ ಆಕ್ಷೇಪ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ಪ್ರಕರಣ. ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟ ಅಧಿಕಾರಿಯಿಂದ ಬ್ಯಾಂಕು ಬಾಂಡಿನ ಪೂರ್ತಿ 2 ಲಕ್ಷ ಪಡೆದಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ನಿಂತಿತು. ಹಾಗಾದರೆ ಇಳಿಯುವ ಮೊತ್ತದ ಗೊಡವೆ ಏಕೆ ಎಂದು ಕೇಳಬಹುದು. ಆ ತೀರ್ಪಿನ ಆಧಾರ ಬೇರೆ. ಅಲ್ಲಿ ಪ್ರಶ್ನೆಯಲ್ಲಿದ್ದದ್ದು ನೇಮಕಾತಿ, ತರಬೇತಿಯಲ್ಲ. ಸಾರ್ವಜನಿಕ ಬ್ಯಾಂಕು ಬಿಟ್ಟುಹೋದವರ ಜಾಗಕ್ಕೆ ತನಗೆ ಬೇಕಾದವರನ್ನು ಕರೆದು ಕೂರಿಸುವಂತಿಲ್ಲ. ಬಹಿರಂಗ ಜಾಹೀರಾತು, ಆಯ್ಕೆಯ ಇಡೀ ಪ್ರಕ್ರಿಯೆ ಮತ್ತೆ ನಡೆಯಬೇಕು. ಆ ಅಧಿಕಾರಿಯ ಹುದ್ದೆಗೂ ಸಂಬಳಕ್ಕೂ 2 ಲಕ್ಷವು ರಾಜೀನಾಮೆಯನ್ನೇ ಅಸಾಧ್ಯವಾಗಿಸುವಷ್ಟು ದೊಡ್ಡದಲ್ಲವೆಂದೂ ನ್ಯಾಯಾಲಯ ಕಂಡಿತು. ಖಾಸಗಿ ಕಾರ್ಖಾನೆಗೆ ಮೊದಲ ಕಾರಣ ಅನ್ವಯಿಸದು. ಹೊಸಬನ ತಿಂಗಳ ಸಂಬಳದ ಹತ್ತಾರು ಪಟ್ಟು ಬರೆಸಿಕೊಂಡಲ್ಲಿ ಎರಡನೆಯದೂ ಉಳಿಯದು. ತೀರ್ಪಿನಿಂದ ಖಚಿತವಾಗಿ ದೊರೆಯುವುದು ಒಂದು: ಕನಿಷ್ಠ ಸೇವಾವಧಿಯ ಷರತ್ತು 27ನೇ ಕಲಮು ನಿಷೇಧಿಸುವ ವೃತ್ತಿ ನಿರ್ಬಂಧವಲ್ಲ.

ಯಂತ್ರ ನಿಂತು ಆದ ನಷ್ಟ ತರಬೇತಿ ಖರ್ಚಿಗಿಂತ ಹೆಚ್ಚು ಎಂಬುದು ಮಾಲೀಕರ ಇನ್ನೊಂದು ದೂರು. ಇರಬಹುದು. ಆದರೆ ಅದು ತರಬೇತಿಯಿಂದ ಬಂದ ನಷ್ಟವಲ್ಲ, ಒಬ್ಬರ ಮೇಲೇ ಭಾರ ಹಾಕಿದ್ದರಿಂದ ಬಂದದ್ದು. ಅದಕ್ಕೆ ಪರಿಹಾರ ಬೇಕಿದ್ದರೆ ಪ್ರತ್ಯೇಕವಾಗಿ ಸಾಬೀತುಪಡಿಸಬೇಕು. ತರಬೇತಿಯ ಮುಚ್ಚಳಿಕೆಯಲ್ಲಿ ಅದಕ್ಕೆ ಜಾಗವಿಲ್ಲ.