ಡಿಸಿಎಫ್ ಮೌಲ್ಯಮಾಪನ ಮತ್ತು ಟರ್ಮಿನಲ್ ಮೌಲ್ಯ

ಉದ್ದಿಮೆಯೊಂದು ಮುಂದೆ ಗಳಿಸಲಿರುವ ನಗದನ್ನು ಅದರ ಅಪಾಯಕ್ಕೆ ತಕ್ಕ ದರದಲ್ಲಿ ಡಿಸ್ಕೌಂಟ್ ಮಾಡಿ ಇಂದಿನ ಬೆಲೆ ಕಟ್ಟುವ ವಿಧಾನ. ಮೊದಲ ಕೆಲವು ವರ್ಷಗಳ ನಗದನ್ನು ಒಂದೊಂದಾಗಿ ಅಂದಾಜಿಸುತ್ತಾರೆ. ಆಮೇಲಿನದೆಲ್ಲ ಸೇರಿ ಟರ್ಮಿನಲ್ ಮೌಲ್ಯ. ಕೊನೆಯ ವರ್ಷದ ಮುಂದಿನ ನಗದನ್ನು, ಡಿಸ್ಕೌಂಟ್ ದರದಿಂದ ಶಾಶ್ವತ ಬೆಳವಣಿಗೆ ದರವನ್ನು ಕಳೆದು ಉಳಿದದ್ದರಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಪುಟ್ಟ ಛೇದವೇ ಅಪಾಯದ ಜಾಗ.

ಉದಾಹರಣೆಗೆ, ಕಂಪನಿಯೊಂದರ ಮುಂದಿನ ವರ್ಷದ ಮುಕ್ತ ನಗದು 100 ಕೋಟಿ ರೂಪಾಯಿ. ಐದನೇ ವರ್ಷದವರೆಗೆ ಅದು ವರ್ಷಕ್ಕೆ ಶೇ. 10ರಂತೆ ಬೆಳೆಯುತ್ತದೆ, ಡಿಸ್ಕೌಂಟ್ ದರ ಶೇ. 12. ಐದು ವರ್ಷಗಳ ನಗದಿನ ಇಂದಿನ ಬೆಲೆ ಸುಮಾರು 431 ಕೋಟಿ. ಟರ್ಮಿನಲ್ ಮೌಲ್ಯವನ್ನೂ ಇಂದಿಗೆ ಡಿಸ್ಕೌಂಟ್ ಮಾಡಿ ಕೂಡಿಸಿದರೆ, ಶಾಶ್ವತ ಬೆಳವಣಿಗೆ ಶೇ. 5 ಎಂದಾಗ ಒಟ್ಟು ಮೌಲ್ಯ 1,677 ಕೋಟಿ. ಅದರ ಮುಕ್ಕಾಲು ಪಾಲು ಟರ್ಮಿನಲ್ ಮೌಲ್ಯವೇ. ಶೇ. 7 ಎಂದರೆ 2,209 ಕೋಟಿ. ಛೇದ 7ರಿಂದ 5ಕ್ಕೆ ಇಳಿದದ್ದಕ್ಕೇ ಬೆಲೆ ಶೇ. 32 ಏರಿತು.

ಈ ಏರಿಕೆಯ ಬಹುಪಾಲು ಹುಸಿ. ಬೆಳೆಯಲು ಬಂಡವಾಳ ಬೇಕು. ಹೊಸ ಹೂಡಿಕೆಯ ಪ್ರತಿಫಲ ಶೇ. 15 ಇದ್ದರೆ, ಶೇ. 5ರ ಬೆಳವಣಿಗೆಗೆ ಲಾಭದ ಮೂರನೇ ಒಂದು ಪಾಲನ್ನು ಮತ್ತೆ ಹೂಡಬೇಕು; ಶೇ. 7ಕ್ಕೆ ಹತ್ತಿರಹತ್ತಿರ ಅರ್ಧವನ್ನು. ಅದನ್ನು ಲೆಕ್ಕಕ್ಕೆ ಹಿಡಿದರೆ ಮೌಲ್ಯ ಸುಮಾರು 1,826 ಕೋಟಿ, ಏರಿಕೆ ಶೇ. 9 ಮಾತ್ರ. ಬೆಳವಣಿಗೆ ದರ ಬದಲಿಸಿಯೂ ಮರುಹೂಡಿಕೆಯನ್ನು ಬದಲಿಸದ ಮೌಲ್ಯಮಾಪನವನ್ನು ನಂಬಬಾರದು.