ವಿದ್ಯುತ್ ಕಾರಿನ ಬ್ಯಾಟರಿ: ಮರುಬಳಕೆ ಮತ್ತು ಲೋಹಗಳ ಮರುಸಂಗ್ರಹ

ವಿದ್ಯುತ್ ಕಾರಿನ ಲಿಥಿಯಂ ಅಯಾನ್ ಬ್ಯಾಟರಿ ಒಮ್ಮೆಗೇ ಸಾಯುವುದಿಲ್ಲ. ಧಾರಣಶಕ್ತಿ ಹೊಸತಿದ್ದಾಗಿನ ಸುಮಾರು 70ರಿಂದ 80 ಶೇಕಡಕ್ಕೆ ಇಳಿದಾಗ, ಒಂದು ಚಾರ್ಜಿಗೆ ಓಡುವ ದೂರ ಸಾಲದೆ ಅದನ್ನು ಕಾರಿನಿಂದ ಇಳಿಸುತ್ತಾರೆ. ಹೀಗೆ ಇಳಿಸಿದ್ದನ್ನು ಹಗುರವಾದ ಕೆಲಸಕ್ಕೆ ಹಚ್ಚುವುದು ಮರುಬಳಕೆ. ಅದಕ್ಕೂ ಬಾರದಾದಾಗ ಪುಡಿಮಾಡಿ ಲೋಹ ತೆಗೆಯುವುದು ಮರುಸಂಸ್ಕರಣೆ.

ಮರುಬಳಕೆ

ಜಪಾನಿನ ನಿಸ್ಸಾನ್ ಕಂಪನಿ 2010ರಲ್ಲಿ ಲೀಫ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಸುಮಿಟೊಮೊ ಜೊತೆ ಸೇರಿ, ಹಳೆಯ ಬ್ಯಾಟರಿಗಳ ಮರುಬಳಕೆಗೆಂದೇ 4ಆರ್ ಎನರ್ಜಿ ಎಂಬ ಸಂಸ್ಥೆಯನ್ನು ಕಟ್ಟಿತು. ಮೊದಲ ಲೀಫ್‌ನ 24 ಕಿಲೋವಾಟ್-ಗಂಟೆಯ ಬ್ಯಾಟರಿಯಲ್ಲಿ 48 ಮಾಡ್ಯೂಲುಗಳು ಸಾಲಾಗಿ ಜೋಡಿಸಲ್ಪಟ್ಟಿದ್ದವು. ಇವೆಲ್ಲ ಒಂದೇ ಸಮ ಸವೆಯುವುದಿಲ್ಲ. ದುರ್ಬಲವಾದ ಒಂದು ಮೊದಲು ಬರಿದಾದರೆ ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಇಡೀ ಸಾಲು ನಿಲ್ಲಬೇಕಾಗುತ್ತದೆ. ಆದ್ದರಿಂದ ಪ್ರತಿ ಮಾಡ್ಯೂಲನ್ನೂ ಅಳೆದು ವಿಂಗಡಿಸುವುದೇ ಮರುಬಳಕೆಯ ಮುಖ್ಯ ಕೆಲಸ. ಆರಂಭದಲ್ಲಿ ಒಂದು ಬ್ಯಾಟರಿಯನ್ನು ಅಳೆಯಲು 16 ದಿನ ಹಿಡಿಯುತ್ತಿತ್ತು. ಅದು ನಾಲ್ಕು ಗಂಟೆಗೆ ಇಳಿದ ಮೇಲೆ ವ್ಯವಹಾರ ಕೈಗೂಡಿತು.

2018ರಲ್ಲಿ ಫುಕುಶಿಮಾ ಪ್ರಾಂತದ ನಮಿಯೆಯಲ್ಲಿ 4ಆರ್ ಎನರ್ಜಿ ಇದಕ್ಕಾಗಿ ಕಾರ್ಖಾನೆ ತೆರೆಯಿತು. ಅಲ್ಲಿ ಉತ್ತಮ ದರ್ಜೆಯ ಮಾಡ್ಯೂಲುಗಳು ಮತ್ತೆ ಕಾರಿಗೆ, ಮಧ್ಯಮ ದರ್ಜೆಯವು ಫೋರ್ಕ್‌ಲಿಫ್ಟ್‌ಗಳಿಗೆ ಮತ್ತು ವಿದ್ಯುತ್ ಸಂಗ್ರಹಕ್ಕೆ, ಕೊನೆಯ ದರ್ಜೆಯವು ಕರೆಂಟು ಹೋದಾಗಿನ ಆಸರೆಗೆ ಹೋಗುತ್ತವೆ. ಜಪಾನಿನ ಕೆಲವು ರೈಲ್ವೆ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಸೀಸದ ಬ್ಯಾಟರಿಯ ಜಾಗಕ್ಕೆ ಇವು ಬಂದಿವೆ. ಬೆಂಗಳೂರು ಮತ್ತು ಬರ್ಲಿನ್‌ನಲ್ಲಿ ನೆಲೆಯುಳ್ಳ ನುನಮ್ ಸಂಸ್ಥೆ 2022ರಲ್ಲಿ ಆಡಿ ಕಾರುಗಳ ಹಳೆಯ ಬ್ಯಾಟರಿಗಳಿಂದ ಓಡುವ ಇ-ರಿಕ್ಷಾಗಳ ಮಾದರಿಗಳನ್ನು ತಯಾರಿಸಿತು.

ಲೋಹಗಳ ಮರುಸಂಗ್ರಹ

ಉಳಿದ ಚಾರ್ಜಿನಿಂದ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ ಬ್ಯಾಟರಿಯನ್ನು ಮೊದಲು ಬರಿದುಮಾಡುತ್ತಾರೆ. ಬಳಿಕ ಆಮ್ಲಜನಕ ಸೋಕದಂತೆ ಪುಡಿಮಾಡಿ ತಾಮ್ರ, ಅಲ್ಯೂಮಿನಿಯಂ ಚೂರುಗಳನ್ನು ಬೇರ್ಪಡಿಸಿದರೆ ಕರಿಪುಡಿ ಉಳಿಯುತ್ತದೆ. ನಿಕಲ್, ಕೋಬಾಲ್ಟ್, ಲಿಥಿಯಂ ಇರುವುದು ಅದರಲ್ಲೇ.

ಕುಲುಮೆಯಲ್ಲಿ ಕರಗಿಸುವ ಹಳೆಯ ವಿಧಾನದಲ್ಲಿ ನಿಕಲ್, ಕೋಬಾಲ್ಟ್ ಸಿಗುತ್ತವೆ, ಲಿಥಿಯಂ ಕಿಟ್ಟದ ಪಾಲಾಗುತ್ತದೆ. ಕರಿಪುಡಿಯನ್ನು ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕರಗಿಸುವ ವಿಧಾನದಲ್ಲಿ ಲಿಥಿಯಂ ಕೂಡ ದಕ್ಕುತ್ತದೆ. ಆಯ್ದ ಲೋಹವನ್ನಷ್ಟೇ ಸೆಳೆಯುವ ದ್ರಾವಕಗಳಿಂದ ಕೋಬಾಲ್ಟ್, ನಿಕಲ್‌ಗಳನ್ನು ಒಂದೊಂದಾಗಿ ತೆಗೆದು, ಉಳಿದ ದ್ರಾವಣವನ್ನು ಕಾಯಿಸಿ ಸೋಡಾ ಬೆರೆಸುತ್ತಾರೆ. ಲಿಥಿಯಂ ಕಾರ್ಬೊನೇಟ್ ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುವುದರಿಂದ ಬಿಳಿಯ ಪುಡಿಯಾಗಿ ತಳಕ್ಕೆ ಇಳಿಯುತ್ತದೆ.

ಮಿತಿ ಮತ್ತು ಕಾನೂನು

ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳಲ್ಲಿ ನಿಕಲ್, ಕೋಬಾಲ್ಟ್ ಇಲ್ಲ. ಸಿಗುವ ಲೋಹದ ಬೆಲೆಯಿಂದ ಸಂಸ್ಕರಣೆಯ ಖರ್ಚು ಹುಟ್ಟುವುದು ಕಷ್ಟ. ಹಾಗಾಗಿ ಮರುಸಂಸ್ಕರಣೆಯ ಹೊಣೆಯನ್ನು ಮಾರುಕಟ್ಟೆಗೇ ಬಿಡದೆ ಕಾನೂನಿನಿಂದ ಹೊರಿಸಲಾಗಿದೆ. ಯುರೋಪಿಯನ್ ಒಕ್ಕೂಟದ 2023ರ ನಿಯಮದಂತೆ 2027ರ ಕೊನೆಯ ಹೊತ್ತಿಗೆ ಹಳೆಯ ಬ್ಯಾಟರಿಗಳಲ್ಲಿನ ಲಿಥಿಯಂನ 50 ಶೇಕಡ, 2031ರ ಕೊನೆಗೆ 80 ಶೇಕಡ ಮರಳಿ ಸಿಗಬೇಕು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂಪಡೆದು ಮರುಸಂಸ್ಕರಣೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.